ಮೂರನೆಯ ಪತ್ರ ಇನ್ನೂ ಬಾಕಿ ಇದೆ, ಮೇಡಂ

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಎಂ.ಎಸ್. ಅಥವಾ ಪಿಎಚ್.ಡಿ.ಗೆ ಅರ್ಜಿ ಹಾಕುವ ನಮ್ಮ ಮಕ್ಕಳಿಗೆ ಡಿಸೆಂಬರ್ ಬಂತೆಂದರೆ ನಿದ್ದೆ ಹತ್ತುವುದಿಲ್ಲ. ಅಂಕಪಟ್ಟಿ, ಶುಲ್ಕ, ತಮ್ಮ ಬಗ್ಗೆ ಬರೆಯಬೇಕಾದ ಪ್ರಬಂಧ ಇವೆಲ್ಲ ಅವರ ಕೈಯಲ್ಲೇ ಇರುತ್ತವೆ. ಸಾಮಾನ್ಯವಾಗಿ ಕೇಳುವ ಮೂರು ಶಿಫಾರಸು ಪತ್ರಗಳು ಮಾತ್ರ ಪ್ರಾಧ್ಯಾಪಕರ ಕೈಯಲ್ಲಿ. ಒಪ್ಪಿಕೊಂಡವರ ಪತ್ರ ಬಾರದಿದ್ದಾಗ ಅವರಿಗೆ ಮತ್ತೆ ಏನೆಂದು ಬರೆಯುವುದು?

ಹುಬ್ಬಳ್ಳಿ ಕಡೆಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳಿ. ನವೆಂಬರ್ ಆರಂಭದಲ್ಲಿ ಕೇಳಿದಾಗ ಅವಳ ಮೇಡಂ, "ಆಗಲಿ, ಲಿಂಕ್ ಕಳಿಸಮ್ಮ" ಎಂದು ಮೇಲ್‌ಗೆ ಉತ್ತರಿಸಿದ್ದರು. ಅರ್ಜಿ ಹಾಕಿದ್ದು ಮೂರು ಕಡೆ, ಕೊನೆಯ ದಿನ ಡಿಸೆಂಬರ್ 15. ಐದನೇ ತಾರೀಖಿಗೆ ನೋಡಿದರೆ ಎರಡು ಕಡೆ ಪತ್ರ ತಲುಪಿದೆ, ಮೂರನೆಯ ಕಡೆ ಇನ್ನೂ ಬಾಕಿ.

ಮೇಡಂ ಮರೆತಿದ್ದಾರೆ ಎಂದು ಮನಸ್ಸು ತಕ್ಷಣ ಹೇಳುತ್ತದೆ. ಆದರೆ ಈ ಪತ್ರ ಹೋಗುವ ದಾರಿ ಗೊತ್ತಿದ್ದರೆ ಹಾಗೆ ಅನಿಸುವುದಿಲ್ಲ. ವಿದ್ಯಾರ್ಥಿ ಪೋರ್ಟಲ್‌ನಲ್ಲಿ ಪ್ರಾಧ್ಯಾಪಕರ ಮೇಲ್ ವಿಳಾಸ ತುಂಬಿದ ಮೇಲೆ ವಿಶ್ವವಿದ್ಯಾಲಯವೇ ಅವರಿಗೆ ಒಂದು ಲಿಂಕ್ ಕಳಿಸುತ್ತದೆ. ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ಅದು ತಲುಪುವುದಿಲ್ಲ. ಯಂತ್ರ ಕಳಿಸಿದ ಮೇಲ್ ಆದ್ದರಿಂದ ಸ್ಪ್ಯಾಮ್‌ಗೆ ಹೋಗಿ ಬೀಳುವುದೂ ಉಂಟು. ಕೆಲವು ಪೋರ್ಟಲ್‌ಗಳು ವಿದ್ಯಾರ್ಥಿ ಅರ್ಜಿ ಸಲ್ಲಿಸುವವರೆಗೂ ಲಿಂಕ್ ಕಳಿಸುವುದೇ ಇಲ್ಲ. ಇನ್ನೊಂದು ತೊಡಕು ಬಹಳ ಜನರ ಗಮನಕ್ಕೆ ಬರುವುದಿಲ್ಲ: ಪ್ರತಿ ವಿಶ್ವವಿದ್ಯಾಲಯದ ಲಿಂಕೂ ಬೇರೆ ಬೇರೆ. ಹೆಚ್ಚುಕಡಿಮೆ ಒಂದೇ ಥರದ ಮೇಲ್‌ಗಳು ಮೂರು ಬಂದಾಗ, ಇದನ್ನು ಆಗಲೇ ಮಾಡಿಯಾಗಿದೆ ಎಂದುಕೊಂಡು ಒಂದನ್ನು ಬಿಟ್ಟುಬಿಡುವುದು ತೀರಾ ಸಹಜ. ಪತ್ರ ಏರಿಸಿದರಷ್ಟೇ ಕೆಲಸ ಮುಗಿಯುವುದೂ ಇಲ್ಲ. ಈ ವಿದ್ಯಾರ್ಥಿ ತರಗತಿಯ ಮೊದಲ ಶೇ. 5ರಲ್ಲಿ ಬರುತ್ತಾರೆಯೇ, ಶೇ. 10ರಲ್ಲೇ ಎಂಬಂಥ ಪ್ರಶ್ನೆಗಳ ಫಾರ್ಮನ್ನೂ ಹಲವು ಕಡೆ ತುಂಬಬೇಕು. ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಇದಕ್ಕೆ ಬಿಡುವು ಮಾಡಿಕೊಳ್ಳುವವರು ಅವರು.

ಹಾಗಾಗಿ ಬರೆಯುವ ಮೊದಲು ಅವಳು ತನ್ನ ಕಡೆಯದನ್ನು ನೋಡಿಕೊಳ್ಳಬೇಕು. ಮೇಲ್ ವಿಳಾಸ ಸರಿಯಿದೆಯೇ, ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ಪರಿಶೀಲಿಸಿ, ಪೋರ್ಟಲ್‌ನಲ್ಲಿ ನೆನಪೋಲೆ ಕಳಿಸುವ ಗುಂಡಿ ಇದ್ದರೆ ಒತ್ತಬೇಕು. ಆಮೇಲೆ ಮೇಡಂ ಅವರ "ಆಗಲಿ" ಎಂಬ ಹಳೆಯ ಮೇಲ್‌ಗೇ ಉತ್ತರ ಬರೆಯಬೇಕು. ಹೊಸದಾಗಿ ಬರೆದರೆ ಹಿಂದಿನ ಮಾತುಕತೆಯನ್ನು ಅವರು ಹುಡುಕಿಕೊಂಡು ಕೂರಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಹೋಗುವ ಆ ಉತ್ತರದ ಹೂರಣ ಹೀಗಿರಲಿ:

"ನಮಸ್ಕಾರ ಮೇಡಂ. ಎರಡು ವಿಶ್ವವಿದ್ಯಾಲಯಗಳಿಗೆ ನಿಮ್ಮ ಪತ್ರ ತಲುಪಿದೆ, ತುಂಬಾ ಧನ್ಯವಾದಗಳು. ಮೂರನೆಯ ಕಡೆ ಮಾತ್ರ ಬಾಕಿ ಎಂದು ತೋರಿಸುತ್ತಿದೆ. ಅದರ ಲಿಂಕ್ ಬೇರೆಯೇ ಇದ್ದು, ಇವತ್ತು ಬೆಳಿಗ್ಗೆ ಮತ್ತೆ ಬರುವಂತೆ ಮಾಡಿದ್ದೇನೆ. ಕಾಣದಿದ್ದರೆ ದಯವಿಟ್ಟು ಸ್ಪ್ಯಾಮ್‌ನಲ್ಲಿ ಒಮ್ಮೆ ನೋಡಿ. ಕೊನೆಯ ದಿನ ಡಿಸೆಂಬರ್ 15. ಸಾಧ್ಯವಾದರೆ 12ರೊಳಗೆ ಆದರೆ ನನಗೆ ನಿರಾಳ. ನನ್ನ ಸಿ.ವಿ. ಮತ್ತು ಪ್ರಾಜೆಕ್ಟ್ ವರದಿಯನ್ನು ಮತ್ತೆ ಲಗತ್ತಿಸಿದ್ದೇನೆ."

ಮೇಲ್‌ನಲ್ಲಿ ವಿಶ್ವವಿದ್ಯಾಲಯದ ಹೆಸರು ಪೂರ್ತಿ ಇರಬೇಕು, ಇನ್‌ಬಾಕ್ಸ್‌ನಲ್ಲಿ ಅವರು ಹುಡುಕುವುದು ಆ ಹೆಸರಿನಿಂದಲೇ. ಬೇಗ ಆಗಲೆಂದು ಸುಳ್ಳು ಗಡುವು ಹೇಳಬಾರದು. ನಿಜವಾದ ತಾರೀಖು ವಿಶ್ವವಿದ್ಯಾಲಯದ ಮೇಲ್‌ನಲ್ಲೇ ಇದ್ದರೆ ಸುಳ್ಳು ಬಯಲಾಗುತ್ತದೆ, ಪತ್ರ ಬರೆಯುವವರ ವಿಶ್ವಾಸವೂ ಹೋಗುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಸಮಯದಲ್ಲಿ 15ರ ರಾತ್ರಿ 11.59 ಎಂದರೆ ನಮಗೆ 16ರ ಬೆಳಿಗ್ಗೆ 10.29. ಆ ಹೆಚ್ಚುವರಿ ಗಂಟೆಗಳು ಲಿಂಕ್ ಕೈಕೊಟ್ಟರೆ ಬೇಕಾಗುತ್ತವೆ, ಮೊದಲೇ ಲೆಕ್ಕಕ್ಕೆ ಹಿಡಿಯುವುದು ಬೇಡ.

"ನಿಮಗೆ ತೊಂದರೆಯಾದರೆ ಪತ್ರವನ್ನು ನನಗೇ ಕೊಡಿ ಮೇಡಂ, ನಾನೇ ಏರಿಸುತ್ತೇನೆ" ಎಂದು ಕೆಲವರು ಬರೆಯುತ್ತಾರೆ. ಸಹಾಯದ ಮಾತಿನಂತೆ ಕಂಡರೂ ಇದು ಅಪಾಯದ್ದು. ಅಮೆರಿಕದ 1974ರ ಕಾನೂನಿನಂತೆ ಅಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿ ತನ್ನ ದಾಖಲೆಗಳನ್ನು ನೋಡಬಹುದು. ಶಿಫಾರಸು ಪತ್ರದ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲೇ ಕೇಳುತ್ತಾರೆ, ಹೆಚ್ಚಿನವರು ಹೌದೆನ್ನುತ್ತಾರೆ. ವಿದ್ಯಾರ್ಥಿ ಓದದ ಪತ್ರದಲ್ಲಿ ಪ್ರಾಧ್ಯಾಪಕರು ಮನಬಿಚ್ಚಿ ಬರೆದಿರುತ್ತಾರೆ ಎಂಬುದು ಅಲ್ಲಿನ ನಂಬಿಕೆ. ಅದೇ ಪತ್ರ ವಿದ್ಯಾರ್ಥಿಯ ಕೈದಾಟಿ ಬಂದಿದೆ ಎಂದು ತಿಳಿದರೆ ಇಡೀ ಅರ್ಜಿಯ ಮೇಲೇ ಅನುಮಾನ ಹುಟ್ಟಬಹುದು.

ಎರಡು ಮೂರು ಕೆಲಸದ ದಿನ ಕಳೆದರೂ ಸುದ್ದಿಯಿಲ್ಲದಿದ್ದರೆ ತರಗತಿ ಮುಗಿಯುವ ಹೊತ್ತಿಗೆ ವಿಭಾಗಕ್ಕೆ ಹೋಗಿ, ಬಾಗಿಲಲ್ಲಿ ನಿಂತು ಕೇಳುವುದರಲ್ಲಿ ತಪ್ಪಿಲ್ಲ. ಲಿಂಕ್ ಬಂದಿದೆಯೇ ಎಂದು ಇಬ್ಬರೂ ಒಟ್ಟಿಗೆ ನೋಡಿದರೆ ಐದು ನಿಮಿಷದಲ್ಲಿ ತೊಡಕು ಎಲ್ಲಿದೆ ಎಂದು ಗೊತ್ತಾಗುತ್ತದೆ. ಮೇಡಂ ರಜೆಯಲ್ಲಿದ್ದಾರೆ, ಫೋನಿಗೂ ಸಿಗುತ್ತಿಲ್ಲ ಎಂದಾದರೆ ಇನ್ನೊಬ್ಬ ಪ್ರಾಧ್ಯಾಪಕರನ್ನು ಕೇಳಲು 10ನೇ ತಾರೀಖಿನ ಆಚೆಗೆ ಕಾಯಬಾರದು. ಪತ್ರ ಬಾರದೇ ಇರುವಾಗ ಶಿಫಾರಸು ಮಾಡುವವರ ಹೆಸರು ಬದಲಿಸಲು ಹಲವು ಪೋರ್ಟಲ್‌ಗಳಲ್ಲಿ ಅವಕಾಶವಿದೆ. ಬದಲಿಸಿದ ದಿನವೇ ಮೇಡಂ ಅವರಿಗೂ ಎರಡು ಸಾಲು ಬರೆದು ತಿಳಿಸಬೇಕು, ಇಲ್ಲದಿದ್ದರೆ ರಜೆ ಮುಗಿಸಿ ಬಂದ ಅವರು ಕೆಲಸ ಮಾಡದ ಲಿಂಕ್ ಒತ್ತುತ್ತಾ ಕೂರಬೇಕಾಗುತ್ತದೆ.