ಹದಿನೈದು ಚುಕ್ಕೆ, ಒಂದು ಗೆರೆ

1876ರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಕಟಿಸಿದ ಪರಾಗಸ್ಪರ್ಶದ ಪುಸ್ತಕದಲ್ಲಿ ಮೆಕ್ಕೆಜೋಳದ ಒಂದು ಸಣ್ಣ ಪಟ್ಟಿ ಇದೆ. ಪರಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಒಂದು ಗಿಡಕ್ಕೆ ಸ್ವಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಇನ್ನೊಂದು ಗಿಡವನ್ನು ಜೋಡಿ ಮಾಡಿ, ಅಂಥ 15 ಜೋಡಿಗಳನ್ನು ನಾಲ್ಕು ಕುಂಡಗಳಲ್ಲಿ ಬೆಳೆಸಿ, ಎತ್ತರ ಅಳೆದ ಲೆಕ್ಕ ಅದು. 1935ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದೇ ಪಟ್ಟಿಯನ್ನು ತನ್ನ ಪುಸ್ತಕದಲ್ಲಿ ಮತ್ತೆ ಕೈಗೆತ್ತಿಕೊಂಡ. ಪ್ರತಿ ಜೋಡಿಯಲ್ಲಿ ಪರಕೀಯ ಗಿಡ ಎಷ್ಟು ಹೆಚ್ಚು ಎತ್ತರ ಎಂಬುದನ್ನು ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ಬರೆದು, ಸರಾಸರಿ ವ್ಯತ್ಯಾಸ 20.9 ಎಂದು ಕಂಡುಕೊಂಡು, ಅದರ ಮೇಲೆ ಟಿ-ಪರೀಕ್ಷೆ ನಡೆಸಿದ. ಉತ್ತರ 2.148. ಶೇಕಡಾ 5ರ ಗಡಿ 2.145. ಕೂದಲೆಳೆಯ ಅಂತರದಲ್ಲಿ ಪಾಸು.

ಟಿ-ಪರೀಕ್ಷೆಗೆ ಒಂದು ಷರತ್ತಿದೆ. ಆ ವ್ಯತ್ಯಾಸಗಳು ಪ್ರಸಾಮಾನ್ಯ ವಿತರಣೆಯಿಂದ, ಅಂದರೆ ನಡುವೆ ಉಬ್ಬಿ ಎರಡೂ ಬದಿಗೆ ಸಮನಾಗಿ ಇಳಿಯುವ ಆ ಗಂಟೆಯಾಕಾರದ ನಾರ್ಮಲ್ ರೇಖೆಯಿಂದ, ಬಂದಂತಿರಬೇಕು. ಫಲಿತಾಂಶ ಗಡಿಯ ಮೇಲೇ ಕೂತಿರುವಾಗ ಈ ಷರತ್ತನ್ನು ನೋಡದೆ ಬಿಡುವಂತಿಲ್ಲ. ಹಿಸ್ಟೋಗ್ರಾಮ್ ಬರೆದು ನೋಡೋಣವೆಂದರೆ 15 ಅಂಕಿಗಳಿಗೆ ಅದು ಹೆಚ್ಚು ಪ್ರಯೋಜನಕ್ಕೆ ಬಾರದು; ಕಂಬದ ಅಗಲ ಸ್ವಲ್ಪ ಬದಲಿಸಿದರೂ ಚಿತ್ರದ ಚಹರೆಯೇ ಬದಲಾಗುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ನಾರ್ಮಲ್ ಕ್ವಾಂಟೈಲ್ ನಕ್ಷೆ.

ಅದನ್ನು ಬರೆಯುವ ಕ್ರಮ ಸರಳ. ಮೊದಲು ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಇಡಬೇಕು: −67, −48, 6, 8, 14, 16, 23, 24, 28, 29, 41, 49, 56, 60, 75. ಆಮೇಲೆ ಕೇಳಬೇಕಾದ ಪ್ರಶ್ನೆ: ನಾರ್ಮಲ್ ವಿತರಣೆಯಿಂದ 15 ಅಂಕಿ ತೆಗೆದಿದ್ದರೆ ತೀರಾ ಚಿಕ್ಕದು ಎಲ್ಲಿರಬೇಕಿತ್ತು, ಎರಡನೆಯದು ಎಲ್ಲಿ, ನಡುವಿನದು ಎಲ್ಲಿ? ಇದಕ್ಕೆ ರೂಢಿಯ ಉಪಾಯವೆಂದರೆ ಪ್ರತಿ ಅಂಕಿಯ ಕ್ರಮಸಂಖ್ಯೆಯಿಂದ ಅರ್ಧ ಕಳೆದು 15ರಿಂದ ಭಾಗಿಸುವುದು. ಮೊದಲನೆಯದಕ್ಕೆ 0.033 ಬರುತ್ತದೆ. ನಾರ್ಮಲ್ ವಿತರಣೆಯಲ್ಲಿ ಅಷ್ಟು ಪಾಲು ಯಾವ ಬಿಂದುವಿನ ಎಡಕ್ಕಿದೆ ಎಂದು ಕೋಷ್ಟಕದಲ್ಲಿ ನೋಡಿದರೆ −1.83. ಎರಡನೆಯದಕ್ಕೆ −1.28, ಎಂಟನೆಯದಕ್ಕೆ ಸೊನ್ನೆ, ಕೊನೆಯದಕ್ಕೆ 1.83. ಈ ನಿರೀಕ್ಷಿತ ಬೆಲೆಯನ್ನು ಅಡ್ಡ ಅಕ್ಷದಲ್ಲೂ ನಿಜವಾದ ಅಳತೆಯನ್ನು ಲಂಬ ಅಕ್ಷದಲ್ಲೂ ಇಟ್ಟು ಚುಕ್ಕೆ ಹಾಕಿದರೆ ನಕ್ಷೆ ಸಿದ್ಧ. ಅಂಕಿಗಳು ನಾರ್ಮಲ್ ಆಗಿದ್ದರೆ ಚುಕ್ಕೆಗಳು ಸುಮಾರಾಗಿ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಗೆರೆಯ ಓಟ ಮಾನಕ ವಿಚಲನೆಯನ್ನೂ, ನಡುವಿನ ಎತ್ತರ ಸರಾಸರಿಯನ್ನೂ ಹೇಳುತ್ತದೆ. ‘ಆರ್’ ತಂತ್ರಾಂಶದಲ್ಲಿ ಇಷ್ಟಕ್ಕೂ ಮೂರೇ ಸಾಲು:

```
d <- c(49,-67,8,16,6,23,28,41,14,29,56,24,75,60,-48)
qqnorm(d)
qqline(d)
```

ಪರದೆಯ ಮೇಲೆ ಮೂಡುವ ಚಿತ್ರದಲ್ಲಿ 13 ಚುಕ್ಕೆಗಳು ಗೆರೆಗೆ ಅಂಟಿಕೊಂಡಂತೆ ಇರುತ್ತವೆ. ಬಲತುದಿಯಲ್ಲಿ ಗೆರೆ 74 ಎನ್ನುತ್ತದೆ, ಗಿಡದ ಲೆಕ್ಕ 75. ಅದರ ಹಿಂದಿನದಕ್ಕೆ ಗೆರೆ 60 ಎಂದರೆ ಅಳತೆಯೂ 60. ಎಡತುದಿಯ ಎರಡು ಚುಕ್ಕೆಗಳು ಮಾತ್ರ ಪಾತಾಳಕ್ಕೆ ಇಳಿದಿವೆ. ಗೆರೆಯ ಪ್ರಕಾರ −18 ಇರಬೇಕಾದಲ್ಲಿ −67, −4 ಇರಬೇಕಾದಲ್ಲಿ −48. ಇಷ್ಟನ್ನು ನೋಡಿದವರು ‘ಇದು ನಾರ್ಮಲ್ ಅಲ್ಲ’ ಎಂದು ತಕ್ಷಣ ತೀರ್ಪು ಕೊಟ್ಟುಬಿಡುತ್ತಾರೆ.

ಸ್ವಲ್ಪ ತಡೆಯಬೇಕು. ಗೆರೆಯನ್ನು ಎಳೆದವರು ಯಾರು? qqline ತನ್ನ ಗೆರೆಯನ್ನು ಕಾಲು ಮತ್ತು ಮುಕ್ಕಾಲು ಭಾಗದ ಬಿಂದುಗಳ ಮೂಲಕ ಹಾಯಿಸುತ್ತದೆ. ಇಲ್ಲಿ ಅವು 11 ಮತ್ತು 45. ತುದಿಗಳಲ್ಲಿ ಏನಾಗಿದೆ ಎಂದು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಆ ಗೆರೆಯ ಓಟದಿಂದ ಸಿಗುವ ಮಾನಕ ವಿಚಲನೆ ಸುಮಾರು 25. ಅದೇ 15 ಅಂಕಿಗಳಿಂದ ನೇರವಾಗಿ ಲೆಕ್ಕ ಹಾಕಿದರೆ ಬರುವುದು 37.7. ಈ ಎರಡನೆಯ ಬೆಲೆಯಿಂದ, ಸರಾಸರಿ 20.9ರ ಮೂಲಕ ಗೆರೆ ಎಳೆದರೆ ಚಿತ್ರವೇ ಬೇರೆ. ಮೊದಲ ಚುಕ್ಕೆ ಈಗ −48 ಇರಬೇಕಾದಲ್ಲಿ −67ರಲ್ಲಿದೆ, ಅಷ್ಟೇನೂ ದೂರವಲ್ಲ. ಬದಲಿಗೆ ಮೂರನೆಯ ಚುಕ್ಕೆ ಗೆರೆಯಿಂದ 20ಕ್ಕೂ ಹೆಚ್ಚು ಮೇಲಿದೆ, ಬಲತುದಿ 15ರಷ್ಟು ಕೆಳಗಿದೆ. ಹೊರಗೆ ನಿಂತ ಎರಡು ಚುಕ್ಕೆಗಳು ಗೆರೆಯನ್ನೇ ತಮ್ಮ ಕಡೆಗೆ ಎಳೆದುಕೊಂಡು ತಮ್ಮ ತಪ್ಪನ್ನು ಉಳಿದವರಿಗೆಲ್ಲ ಹಂಚಿಬಿಟ್ಟಿವೆ. ಆದ್ದರಿಂದ ನಕ್ಷೆ ಓದುವ ಮೊದಲು ಗೆರೆ ಯಾವುದೆಂದು ತಿಳಿದುಕೊಳ್ಳುವುದು ಒಳ್ಳೆಯದು. ನನ್ನ ಮಟ್ಟಿಗೆ ಕಾಲು-ಮುಕ್ಕಾಲಿನ ಗೆರೆಯೇ ವಾಸಿ. ಅದು ಎಡವಟ್ಟನ್ನು ಮುಚ್ಚಿಡುವುದಿಲ್ಲ, ಒಮ್ಮೊಮ್ಮೆ ಹಿಗ್ಗಿಸಿ ತೋರಿಸುತ್ತದೆ ಅಷ್ಟೆ.

ಹಾಗಾದರೆ ಎಷ್ಟು ದೂರ ಸರಿದರೆ ಅನುಮಾನ ಪಡಬೇಕು? ಅಪ್ಪಟ ನಾರ್ಮಲ್ ವಿತರಣೆಯಿಂದ 15 ಅಂಕಿಗಳನ್ನು ಮತ್ತೆ ಮತ್ತೆ ತೆಗೆದರೂ ಚುಕ್ಕೆಗಳು ಗೆರೆಯ ಮೇಲೆ ಶಿಸ್ತಾಗಿ ಕೂರುವುದಿಲ್ಲ. ನಡುವಿನ ಚುಕ್ಕೆ ಸಾಮಾನ್ಯವಾಗಿ ಮಾನಕ ವಿಚಲನೆಯ ಮೂರನೇ ಒಂದು ಭಾಗದಷ್ಟು ಅಲುಗಾಡಿದರೆ, ತುದಿಯದು ಅರ್ಧಕ್ಕಿಂತ ತುಸು ಹೆಚ್ಚೇ ಅಲುಗಾಡುತ್ತದೆ. ಡಾರ್ವಿನ್ನನ ಮೊದಲ ಚುಕ್ಕೆಗೆ ಇದನ್ನು ಹಚ್ಚಿ ನೋಡಿ. ಮಾನಕ ವಿಚಲನೆ 25 ಎಂದು ನಂಬಿದರೆ ತುದಿಯ ಸಹಜ ಅಲುಗಾಟ 14ರ ಆಸುಪಾಸು. ಚುಕ್ಕೆ ಸರಿದಿರುವುದು 49. ಅದು 38 ಎಂದು ನಂಬಿದರೆ ಸಹಜ ಅಲುಗಾಟ 21, ಸರಿದಿರುವುದು 19. ಮೊದಲ ಲೆಕ್ಕದಲ್ಲಿ ಆ ಚುಕ್ಕೆ ತೀರಾ ವಿಚಿತ್ರ, ಎರಡನೆಯದರಲ್ಲಿ ಮಾಮೂಲು. ಶಾಪಿರೊ-ವಿಲ್ಕ್ ಎಂಬ ಪ್ರಸಿದ್ಧ ಪರೀಕ್ಷೆಯೂ ಇಲ್ಲಿ ಅಳುಕುತ್ತದೆ: ಅದರ ಬೆಲೆ 0.90, ಶೇಕಡಾ 5ರಲ್ಲಿ ತಿರಸ್ಕರಿಸಬೇಕಾದರೆ ಅದು 0.881ಕ್ಕಿಂತ ಕೆಳಗೆ ಇಳಿಯಬೇಕಿತ್ತು. 15 ಅಂಕಿಗಳಿಂದ ಇದಕ್ಕಿಂತ ಖಚಿತವಾದ ಉತ್ತರ ಬಯಸುವುದು ದುರಾಸೆಯೇ ಸರಿ.

ಕಣ್ಣನ್ನು ಪಳಗಿಸಲು ಒಂದು ದಾರಿಯಿದೆ. qqnorm(rnorm(15)) ಎಂಬ ಆದೇಶ ಪ್ರತಿ ಸಲವೂ ನಿಜವಾದ ನಾರ್ಮಲ್ ಅಂಕಿಗಳ ಹೊಸ ನಕ್ಷೆಯೊಂದನ್ನು ಬರೆಯುತ್ತದೆ. ಅಂಥ 19 ನಕ್ಷೆಗಳ ನಡುವೆ ಡಾರ್ವಿನ್ನನ ನಕ್ಷೆಯನ್ನು ಹೆಸರು ಹಾಕದೆ ಸೇರಿಸಿ, ವಿಷಯ ಗೊತ್ತಿಲ್ಲದ ಯಾರಿಗಾದರೂ ತೋರಿಸಿ, ಬೇರೆಯಾಗಿ ಕಾಣುವುದು ಯಾವುದೆಂದು ಕೇಳಬಹುದು. ನಕ್ಷೆ ಉಳಿದವಂತೆಯೇ ಇದ್ದಿದ್ದರೆ ಸುಮ್ಮನೆ ಊಹಿಸಿ ಅದನ್ನೇ ಎತ್ತುವ ಸಂಭವ 20ರಲ್ಲಿ 1 ಮಾತ್ರ. ಇಷ್ಟು ಮಾಡಿದ ಮೇಲೆ ಚಿಕ್ಕಪುಟ್ಟ ಡೊಂಕುಗಳು ಹೆದರಿಸುವುದಿಲ್ಲ.

ನಕ್ಷೆಯ ನಿಜವಾದ ಬೆಲೆ ಇರುವುದು ಹೌದು-ಅಲ್ಲ ಎಂಬ ತೀರ್ಪಿಗಿಂತ, ಯಾವ ಚುಕ್ಕೆ ಎಂದು ಬೆರಳು ಮಾಡಿ ತೋರಿಸುವುದರಲ್ಲಿ. ಇಲ್ಲಿ ಇಡೀ ಸಾಲು ಬಾಗಿಲ್ಲ. ಬಾಗಿದ್ದರೆ ಅಳತೆಯ ಮಾನವನ್ನೇ ಬದಲಿಸುವ, ಲಾಗರಿತಮ್ ತೆಗೆದುಕೊಳ್ಳುವ ಯೋಚನೆ ಮಾಡಬಹುದಿತ್ತು. ಎರಡೇ ಚುಕ್ಕೆ ಬೇರೆಯಾಗಿವೆ, ಆದ್ದರಿಂದ ಮೂಲ ಪಟ್ಟಿಗೆ ಹೋಗಬೇಕು. ಅಲ್ಲಿ ಸಿಗುವ ಸಂಗತಿ ಕುತೂಹಲದ್ದು. ಒಂದು ಜೋಡಿ ಮೊದಲ ಕುಂಡದ್ದು, ಇನ್ನೊಂದು ನಾಲ್ಕನೆಯದರದ್ದು. ಎರಡರಲ್ಲೂ ಪರಕೀಯ ಗಿಡದ ಎತ್ತರ ಸರಿಯಾಗಿ 12 ಇಂಚು. ಉಳಿದ 13 ಪರಕೀಯ ಗಿಡಗಳಲ್ಲಿ ಯಾವುದೂ 18 ಇಂಚಿಗಿಂತ ಕುಳ್ಳಲ್ಲ. ಜೊತೆಯ ಸ್ವಕೀಯ ಗಿಡಗಳು ಅತಿಯಾಗಿ ಬೆಳೆದದ್ದಕ್ಕಿಂತ ಈ ಎರಡು ಗಿಡಗಳು ಮುರುಟಿಕೊಂಡದ್ದೇ ಆ ದೊಡ್ಡ ಋಣ ಸಂಖ್ಯೆಗಳಿಗೆ ಮುಖ್ಯ ಕಾರಣ.

ಅವೆರಡನ್ನು ಕಿತ್ತೆಸೆದರೆ? ಸರಾಸರಿ 33ಕ್ಕೆ ಏರುತ್ತದೆ, ಟಿ ಬೆಲೆ 2.15ರಿಂದ 5.5ಕ್ಕೆ ಜಿಗಿಯುತ್ತದೆ, ಡಾರ್ವಿನ್ನನ ವಾದ ಭರ್ಜರಿಯಾಗಿ ಗೆಲ್ಲುತ್ತದೆ. ಹಾಗಾಗಿಯೇ ಕೀಳುವಂತಿಲ್ಲ. ವಾದಕ್ಕೆ ಎದುರು ನಿಂತ ಎರಡೇ ಜೋಡಿಗಳು ಅವು. ಗಿಡ ರೋಗಪೀಡಿತವಾಗಿತ್ತು ಎಂಬಂಥ ಬೇರೆ ಆಧಾರ ಕೈಯಲ್ಲಿಲ್ಲದೆ, ನಕ್ಷೆಯಲ್ಲಿ ಗೆರೆ ಬಿಟ್ಟು ನಿಂತವು ಎಂಬುದೊಂದನ್ನೇ ನೆಪ ಮಾಡಿ ತೆಗೆದುಹಾಕುವುದು ಮೋಸವಾಗುತ್ತದೆ. ನಾರ್ಮಲ್ ಎಂಬ ಷರತ್ತನ್ನೇ ಬದಿಗಿಟ್ಟು ಲೆಕ್ಕ ಮಾಡುವ ದಾರಿಯನ್ನು ಫಿಶರ್ ಅದೇ ಪುಸ್ತಕದಲ್ಲಿ ತೋರಿಸಿದ. 15 ವ್ಯತ್ಯಾಸಗಳಿಗೆ ಕೂಡು ಅಥವಾ ಕಳೆ ಚಿಹ್ನೆ ಹಾಕುವ 32,768 ಬಗೆಗಳಲ್ಲಿ ಎಷ್ಟರಲ್ಲಿ ಮೊತ್ತ ಯಾವ ದಿಕ್ಕಿನಲ್ಲಾದರೂ ಡಾರ್ವಿನ್ನನ 314ನ್ನು ಮುಟ್ಟುತ್ತದೆ ಅಥವಾ ಮೀರುತ್ತದೆ ಎಂದು ಎಣಿಸಿದ. 1,726 ಬಗೆಗಳಲ್ಲಿ, ಅಂದರೆ ಶೇಕಡಾ 5.3. ಟಿ-ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ಗಡಿ ದಾಟಿದ್ದು, ಇಲ್ಲಿ ಅಷ್ಟೇ ಸಣ್ಣ ಅಂತರದಲ್ಲಿ ಗಡಿಯ ಈಚೆ ಉಳಿಯಿತು.