ಮುಖಪುಟದ ಪಿಡಿಎಫ್ ಜತೆ ಮುದ್ರಕರಿಗೆ ಏನು ಬರೆಯಬೇಕು?

ವಿನ್ಯಾಸ ಮಾಡಿದವರು ಒಂದು ಕಡೆ, ಪ್ಲೇಟ್ ಮಾಡುವವರು ಇನ್ನೊಂದು ಕಡೆ. ಇಬ್ಬರ ನಡುವೆ ಓಡಾಡುವುದು ಒಂದು ಪಿಡಿಎಫ್ ಮತ್ತು ಅದರ ಜತೆಗಿನ ಇಮೇಲ್. ಬಹಳಷ್ಟು ಸಲ ಆ ಇಮೇಲಿನಲ್ಲಿ ‘ಫೈಲ್ ಕಳಿಸಿದ್ದೇನೆ, ಪ್ರಿಂಟ್ ಮಾಡಿ’ ಎಂಬ ಒಂದೇ ಸಾಲು ಇರುತ್ತದೆ. ಅಳತೆ ಏನು, ಕತ್ತರಿಸುವುದು ಎಲ್ಲಿ, ಫಾಂಟ್ ಒಳಗಿದೆಯೇ ಎಂಬುದನ್ನೆಲ್ಲ ಮುದ್ರಕರು ಊಹಿಸಬೇಕಾಗುತ್ತದೆ. ಊಹೆ ತಪ್ಪಿದ್ದು ಗೊತ್ತಾಗುವುದು ಪುಸ್ತಕ ಕಟ್ಟಾಗಿ ಬಂದ ಮೇಲೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 160 ಪುಟಗಳ ಕಥಾಸಂಕಲನ, ಡೆಮಿ ಗಾತ್ರ. ಹಿಂಬದಿ, ಬೆನ್ನು, ಮುಂಬದಿ ಮೂರೂ ಸೇರಿದ ಮುಖಪುಟವನ್ನು ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಲಾಗಿದೆ. ಅದರ ಜತೆ ಹೋಗಬೇಕಾದ ಪತ್ರ ಸುಮಾರಾಗಿ ಹೀಗಿರಬಹುದು:

“ಮಾನ್ಯರೇ,

ಕಥಾಸಂಕಲನದ ಮುಖಪುಟದ ಪಿಡಿಎಫ್ ಲಗತ್ತಿಸಿದ್ದೇನೆ. ಫೈಲಿನ ಹೆಸರು mukhaputa_v3.pdf, ಒಂದೇ ಪುಟ.

ಕತ್ತರಿಸಿದ ಮೇಲೆ ಉಳಿಯಬೇಕಾದ ಅಳತೆ 288 × 216 ಮಿ.ಮೀ. (ಹಿಂಬದಿ 140, ಬೆನ್ನು 8, ಮುಂಬದಿ 140). ನಾಲ್ಕೂ ಬದಿಗೆ 3 ಮಿ.ಮೀ. ಬ್ಲೀಡ್ ಇದೆ. ಹಾಗಾಗಿ ಪುಟದ ಒಟ್ಟು ಅಳತೆ 294 × 222 ಮಿ.ಮೀ. ಕ್ರಾಪ್ ಮಾರ್ಕ್ ಹಾಕಿಲ್ಲ. ದಯವಿಟ್ಟು ಹಿಗ್ಗಿಸದೆ, ಕುಗ್ಗಿಸದೆ ಇದ್ದ ಅಳತೆಯಲ್ಲೇ ಬಳಸಿ.

ಸ್ಕ್ರೈಬಸ್ 1.6ರಿಂದ ಪಿಡಿಎಫ್/ಎಕ್ಸ್-1ಎ ಆಗಿ ಉಳಿಸಿದ್ದೇನೆ. ಬಣ್ಣ ಸಿಎಂವೈಕೆ. ಫಾಂಟ್‌ಗಳೆಲ್ಲ ಫೈಲಿನ ಒಳಗೇ ಇವೆ.

ಹಾಳೆಯೊಂದಕ್ಕೆ 0.1 ಮಿ.ಮೀ. ದಪ್ಪವೆಂದು ಹಿಡಿದು ಬೆನ್ನಿಗೆ 8 ಮಿ.ಮೀ. ಇಟ್ಟಿದ್ದೇನೆ. ನೀವು ಬಳಸುವ ಕಾಗದಕ್ಕೆ ಅದು ಬೇರೆಯಾಗುವುದಾದರೆ ಪ್ಲೇಟ್ ಮಾಡುವ ಮೊದಲು ತಿಳಿಸಿ. ಅಕ್ಷರ ತಿದ್ದುವುದಿದ್ದರೂ ನನಗೇ ಹೇಳಿ, ಹೊಸ ಫೈಲ್ ಕಳಿಸುತ್ತೇನೆ. ಹೋಲಿಸಿ ನೋಡಲೆಂದು ಒಂದು ಜೆಪೆಗ್ ಚಿತ್ರವನ್ನೂ ಇಟ್ಟಿದ್ದೇನೆ, ಅದು ಮುದ್ರಣಕ್ಕಲ್ಲ.”

ಈ ಪತ್ರದಲ್ಲಿ ಅಲಂಕಾರದ ಮಾತಿಲ್ಲ. ಫೈಲಿನ ಬಗ್ಗೆ ಹೇಳಿದ ಪ್ರತಿಯೊಂದು ಮಾತನ್ನೂ ಮುದ್ರಕರು ಫೈಲ್ ತೆರೆದು ಪರೀಕ್ಷಿಸಬಹುದು. ಆದ್ದರಿಂದ ಬರೆಯುವವರು ಅದನ್ನು ಮೊದಲೇ ಪರೀಕ್ಷಿಸಿರಬೇಕು.

ಮೊದಲು ಬ್ಲೀಡ್. ಮುದ್ರಣವಾದ ಹಾಳೆಗಳನ್ನು ದಪ್ಪ ಕಟ್ಟಾಗಿ ಜೋಡಿಸಿ ಕಟಿಂಗ್ ಮೆಷಿನ್ನಿಗೆ ಕೊಡುತ್ತಾರೆ. ಬ್ಲೇಡು ಇಳಿಯುವಾಗ ಕಟ್ಟು ಒಂದು ಮಿ.ಮೀ. ಆಚೀಚೆ ಸರಿಯುವುದು ಸಾಮಾನ್ಯ. ಹಿನ್ನೆಲೆಯ ಬಣ್ಣ ಕತ್ತರಿಸುವ ಗೆರೆಗೇ ನಿಂತಿದ್ದರೆ ಅಂಚಿನಲ್ಲಿ ಬಿಳಿ ಗೀಟು ಕಾಣಿಸಿಕೊಳ್ಳುತ್ತದೆ. ಅದಕ್ಕಾಗಿ ಬಣ್ಣವನ್ನು ಗೆರೆ ದಾಟಿಸಿ ಇನ್ನೂ 3 ಮಿ.ಮೀ. ಹರಿಯಬಿಡುತ್ತಾರೆ. ಕತ್ತರಿಸಿದ ಮೇಲೆ ಆ ಭಾಗ ಕಸಕ್ಕೆ ಹೋಗುತ್ತದೆ.

ಸ್ಕ್ರೈಬಸ್‌ನಲ್ಲಿ ಡಾಕ್ಯುಮೆಂಟಿನ ಅಳತೆಯನ್ನು 288 × 216 ಎಂದೇ ಕೊಟ್ಟು, ಬ್ಲೀಡ್ 3 ಎಂದು ಬೇರೆಯಾಗಿ ತುಂಬಬೇಕು. ಪಿಡಿಎಫ್ ಮಾಡುವಾಗ Use Document Bleeds ಎಂಬುದಕ್ಕೆ ಟಿಕ್ ಹಾಕಬೇಕು. ಇಷ್ಟು ಮಾಡಿಯೂ ಎಡವುವವರಿದ್ದಾರೆ. ಸೆಟ್ಟಿಂಗ್‌ನಲ್ಲಿ 3 ಎಂದು ಬರೆದರೆ ಜಾಗ ಸಿಗುತ್ತದೆ, ಚಿತ್ರ ತಾನಾಗಿ ಬೆಳೆಯುವುದಿಲ್ಲ. ಹಿನ್ನೆಲೆಯ ಚಿತ್ರವನ್ನು ಕೈಯಾರೆ ಆ ಹೊರಗಿನ ಗೆರೆಯವರೆಗೆ ಎಳೆಯಬೇಕು. ಎಳೆದಿಲ್ಲವಾದರೆ ಪಿಡಿಎಫ್ ತೆರೆದಾಗ ಸುತ್ತಲೂ ಬಿಳಿ ಚೌಕಟ್ಟು ಕಾಣುತ್ತದೆ. ಹಿನ್ನೆಲೆ ಗಾಢ ಬಣ್ಣದ್ದಾದರೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಬ್ಲೀಡ್ ಇಲ್ಲದ ಫೈಲ್ ಬಂದಾಗ ಕೆಲವು ಕಡೆ ಇಡೀ ವಿನ್ಯಾಸವನ್ನೇ ಸ್ವಲ್ಪ ಹಿಗ್ಗಿಸಿಬಿಡುತ್ತಾರೆ. ನಮ್ಮ ಮುಖಪುಟದಲ್ಲಿ ಅದರ ಲೆಕ್ಕ ನೋಡಿ. ಅಗಲ 288ರಿಂದ 294 ಆಗಲು ಶೇ. 2.1ರಷ್ಟು ಹಿಗ್ಗಿಸಿದರೆ ಸಾಕು, ಎತ್ತರ 216ರಿಂದ 222 ಆಗಲು ಶೇ. 2.8 ಬೇಕು. ಎರಡಕ್ಕೂ ಸಾಲುವಂತೆ ಶೇ. 2.8 ಹಿಗ್ಗಿಸಿದಾಗ, ಬಲ ಅಂಚಿನಿಂದ 5 ಮಿ.ಮೀ. ಒಳಗಿದ್ದ ಲೇಖಕರ ಹೆಸರು ಕತ್ತರಿಸುವ ಗೆರೆಗೆ ಸುಮಾರು 1 ಮಿ.ಮೀ. ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಕಟ್ಟು ಸರಿಯುವುದೂ ಅಷ್ಟೇ ಆದ್ದರಿಂದ ಕೊನೆಯ ಅಕ್ಷರಕ್ಕೆ ಬ್ಲೇಡು ತಾಗಬಹುದು. ‘ಹಿಗ್ಗಿಸದೆ, ಕುಗ್ಗಿಸದೆ’ ಎಂಬ ಮಾತು ಪತ್ರದಲ್ಲಿ ಇರಬೇಕಾದದ್ದು ಇದಕ್ಕೇ.

ಪಿಡಿಎಫ್ ಒಳಗೆ ಈ ಅಳತೆಗಳು ನಿಜವಾಗಿಯೂ ದಾಖಲಾಗಿವೆಯೇ ಎಂದು ನೋಡಲು ಪಾಪ್ಲರ್ ಎಂಬ ಉಚಿತ ಸಲಕರಣೆಯಲ್ಲಿ ಒಂದು ಆದೇಶವಿದೆ:

```
pdfinfo -box mukhaputa_v3.pdf
```

ಉತ್ತರದಲ್ಲಿ ಈ ಸಾಲುಗಳನ್ನು ಹುಡುಕಬೇಕು:

```
MediaBox:   0.00   0.00  833.39  629.29
TrimBox:    8.50   8.50  824.88  620.79
```

ಇವು ಪಾಯಿಂಟ್‌ಗಳಲ್ಲಿವೆ, ಒಂದು ಇಂಚಿಗೆ 72 ಪಾಯಿಂಟ್. 833.39 ಎಂದರೆ 294 ಮಿ.ಮೀ., 8.50 ಎಂದರೆ 3 ಮಿ.ಮೀ. ಎರಡೂ ಸಾಲುಗಳಲ್ಲಿ ಒಂದೇ ಸಂಖ್ಯೆಗಳಿದ್ದರೆ ಫೈಲಿನಲ್ಲಿ ಬ್ಲೀಡ್ ಗುರುತಾಗಿಲ್ಲ ಎಂದರ್ಥ.

ಇನ್ನು ಫಾಂಟ್. ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಸೂಕ್ಷ್ಮ. ಇಂಗ್ಲಿಷಿನ ಒಂದು ಫಾಂಟ್ ಸಿಗದಿದ್ದರೆ ಇನ್ನೊಂದು ಬಂದು ಕೂರುತ್ತದೆ, ರೂಪ ಕೆಟ್ಟರೂ ಓದಬಹುದು. ಕನ್ನಡದ ಒತ್ತಕ್ಷರ, ಅರ್ಕಾವತ್ತು, ಕೊಂಬುಗಳ ಆಕಾರಗಳು ಆಯಾ ಫಾಂಟಿನೊಳಗೇ ಇರುತ್ತವೆ. ಫಾಂಟ್ ಇಲ್ಲವಾದರೆ ಆ ಜಾಗದಲ್ಲಿ ಖಾಲಿ ಚೌಕಗಳು ಬರಬಹುದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡವನ್ನು ಇಟ್ಟಿರುವುದರಿಂದ, ಫಾಂಟ್ ತಪ್ಪಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ.

ಫೈಲಿನಲ್ಲಿ ಯಾವ ಫಾಂಟುಗಳಿವೆ ಎಂದು ತಿಳಿಯಲು:

```
pdffonts mukhaputa_v3.pdf
```

ಬರುವ ಪಟ್ಟಿಯ emb ಎಂಬ ಕಂಬಸಾಲಿನಲ್ಲಿ ಎಲ್ಲ ಕಡೆ yes ಇರಬೇಕು. ಪಕ್ಕದ sub ಕಂಬಸಾಲಿನಲ್ಲೂ yes ಇದ್ದರೆ, ಆ ಪುಟದಲ್ಲಿ ಬಳಕೆಯಾದ ಅಕ್ಷರಾಕಾರಗಳನ್ನು ಮಾತ್ರ ಇಡಲಾಗಿದೆ ಎಂದರ್ಥ. ಮುದ್ರಣಕ್ಕೆ ಅಷ್ಟು ಸಾಕು. ಆದರೆ ಕೊನೆ ಗಳಿಗೆಯಲ್ಲಿ ಮುದ್ರಣಾಲಯದವರು ಒಂದು ಅಕ್ಷರ ತಿದ್ದಹೊರಟರೆ, ಬೇಕಾದ ಒತ್ತು ಫೈಲಿನಲ್ಲಿ ಇರದೇ ಹೋಗಬಹುದು. ತಿದ್ದುಪಡಿಯನ್ನು ತನಗೇ ಹೇಳಿ ಎಂದು ಪತ್ರದಲ್ಲಿ ಕೇಳಿಕೊಂಡದ್ದು ಅದಕ್ಕಾಗಿ. ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಬರಿಯ ಆಕಾರಗಳನ್ನಾಗಿ ಬದಲಿಸಿ ಕಳಿಸುವವರೂ ಇದ್ದಾರೆ. ಆಗ ಈ ಪಟ್ಟಿ ಖಾಲಿ ಬರುತ್ತದೆ. ಅದು ತಪ್ಪಲ್ಲ, ಆದರೆ ಪತ್ರದಲ್ಲಿ ಹಾಗೆಂದು ಬರೆಯಬೇಕು.

ಈ ಪರೀಕ್ಷೆಗೂ ಒಂದು ಮಿತಿಯಿದೆ. ಫಾಂಟ್ ಒಳಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಅಕ್ಷರ ಸರಿಯಾಗಿ ಕೂಡಿದೆ ಎಂದಲ್ಲ. ಸ್ಕ್ರೈಬಸ್‌ನ ಹಳೆಯ 1.4ರ ಸರಣಿಗೆ ಕನ್ನಡದ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. ಇನ್‌ಡಿಸೈನ್‌ನಲ್ಲೂ ಯೂನಿಕೋಡ್ ಕನ್ನಡಕ್ಕೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಬೇಕು. ಒತ್ತು ಒಡೆದಿದ್ದರೆ ಒಡೆದ ರೂಪವೇ ಪಿಡಿಎಫ್‌ನಲ್ಲಿ ಭದ್ರವಾಗಿ ಕೂರುತ್ತದೆ, ಪರೀಕ್ಷೆ ಮಾತ್ರ yes ಎನ್ನುತ್ತದೆ. ಅದನ್ನು ಹಿಡಿಯಲು ಕಣ್ಣೇ ಬೇಕು. ಜತೆಗಿಟ್ಟ ಜೆಪೆಗ್ ಕೆಲಸಕ್ಕೆ ಬರುವುದು ಇಲ್ಲಿ: ವಿನ್ಯಾಸಕಾರರ ಪರದೆಯಲ್ಲಿ ಹೇಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಮುದ್ರಕರು ತಮ್ಮ ಪರದೆಯ ರೂಪವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.

ಕಳಿಸುವ ದಾರಿಯ ಬಗ್ಗೆಯೂ ಒಂದು ಮಾತು. ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಡಾಕ್ಯುಮೆಂಟ್ ಆಗಿ ಹೋದರೆ ತೊಂದರೆಯಿಲ್ಲ. ಮುಖಪುಟದ ಚಿತ್ರವನ್ನೇ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಮುದ್ರಣಕ್ಕೆ ಸಾಲುವುದಿಲ್ಲ.

ಪುಸ್ತಕ ತರಲು ಹೊರಟವರು ವಿನ್ಯಾಸಕಾರರಿಂದ ಪಿಡಿಎಫ್ ಪಡೆಯುವಾಗಲೇ ಇಂಥದೊಂದು ಪತ್ರವನ್ನೂ ಕೇಳಿ ಪಡೆಯಿರಿ. ಅಳತೆ, ಬ್ಲೀಡ್, ಫಾಂಟ್ ಈ ಮೂರನ್ನು ಬರೆದು ಕೊಡಲು ಆಗದವರು ಫೈಲನ್ನು ಇನ್ನೂ ಪರೀಕ್ಷಿಸಿಲ್ಲ ಎಂದೇ ತಿಳಿಯಿರಿ.