ಸಾರ್ಥಕ ಅಂಕಿಗಳ ನಷ್ಟ

ಸಾರ್ಥಕ ಅಂಕಿಗಳ ನಷ್ಟ ಎಂಬುದು ಗಣಕಯಂತ್ರದಲ್ಲಿ ಬಹುತೇಕ ಸಮನಾಗಿರುವ ಎರಡು ಸಂಖ್ಯೆಗಳನ್ನು ಕಳೆಯುವಾಗ ಉತ್ತರದ ನಂಬಲರ್ಹ ಅಂಕಿಗಳು ಇಲ್ಲವಾಗುವ ವಿದ್ಯಮಾನ. ಇದನ್ನು ವಿನಾಶಕಾರಿ ರದ್ದತಿ ಎಂದೂ ಕರೆಯಲಾಗುತ್ತದೆ. ಗಣಿತದ ದೃಷ್ಟಿಯಿಂದ ಸಂಪೂರ್ಣ ಸರಿಯಾದ ಸೂತ್ರವೂ ಇದರಿಂದಾಗಿ ತಪ್ಪು ಉತ್ತರ ಕೊಡಬಲ್ಲದು. ಅನೇಕ ಸಂದರ್ಭಗಳಲ್ಲಿ ಸೂತ್ರವನ್ನು ಬೇರೊಂದು ಸಮಾನ ರೂಪದಲ್ಲಿ ಬರೆದು ಈ ದೋಷವನ್ನು ತಪ್ಪಿಸಬಹುದು.

ಯಂತ್ರ ಎಪ್ಸಿಲಾನ್

ಗಣಕಯಂತ್ರವು ವಾಸ್ತವ ಸಂಖ್ಯೆಗಳನ್ನು ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿ, ಅಂದರೆ ನಿಶ್ಚಿತ ಸಂಖ್ಯೆಯ ಅಂಕಿಗಳು ಮತ್ತು ಒಂದು ಘಾತಾಂಕವಾಗಿ ಸಂಗ್ರಹಿಸುತ್ತದೆ. 1985ರಲ್ಲಿ ಪ್ರಕಟವಾದ IEEE 754 ಮಾನಕದ 64 ಬಿಟ್‌ಗಳ ರೂಪದಲ್ಲಿ 53 ದ್ವಿಮಾನ ಅಂಕಿಗಳಿಗೆ ಮಾತ್ರ ಸ್ಥಳವಿದೆ; ದಶಮಾನದಲ್ಲಿ ಇದು ಸುಮಾರು 16 ಅಂಕಿಗಳಿಗೆ ಸಮ. ಉಳಿದುದನ್ನು ಹತ್ತಿರದ ಸಂಖ್ಯೆಗೆ ಸನ್ನಿಹಿತಗೊಳಿಸಲಾಗುತ್ತದೆ. 0.1 ಎಂಬ ಸರಳ ದಶಮಾಂಶವೂ ದ್ವಿಮಾನದಲ್ಲಿ ಮುಗಿಯದ ಆವರ್ತವಾದುದರಿಂದ 0.1 + 0.2 ಕೂಡಿದಾಗ ಪರದೆಯ ಮೇಲೆ 0.30000000000000004 ಎಂದು ಕಾಣುವುದುಂಟು.

1 ಮತ್ತು ಅದರ ನಂತರದ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯ ನಡುವಿನ ಅಂತರವೇ ಯಂತ್ರ ಎಪ್ಸಿಲಾನ್. ಮೇಲಿನ ರೂಪದಲ್ಲಿ ಇದರ ಬೆಲೆ 2⁻⁵², ಅಂದರೆ ಸುಮಾರು 2.22 × 10⁻¹⁶. ಸಂಖ್ಯೆ ದೊಡ್ಡದಾದಂತೆ ಈ ಅಂತರವೂ ಹಿಗ್ಗುತ್ತದೆ. ಹತ್ತು ಕೋಟಿಯ, ಅಂದರೆ 10⁸ರ, ಸಮೀಪದಲ್ಲಿ ನೆರೆಯ ಎರಡು ಸಂಖ್ಯೆಗಳ ನಡುವೆ ಸುಮಾರು 1.49 × 10⁻⁸ರಷ್ಟು ಅಂತರವಿರುತ್ತದೆ. ಮುಂದಿನ ಉದಾಹರಣೆಯ ಕೀಲಿ ಇರುವುದು ಇಲ್ಲಿಯೇ.

ವರ್ಗಸಮೀಕರಣದ ಉದಾಹರಣೆ

x² − 10⁸x + 1 = 0 ಎಂಬ ಸಮೀಕರಣವನ್ನು ಪರಿಗಣಿಸೋಣ. ಇದರ ಮೂಲಗಳು ಸುಮಾರು 10⁸ ಮತ್ತು 10⁻⁸. ಶಾಲೆಯಲ್ಲಿ ಕಲಿಯುವ ಸೂತ್ರದಂತೆ ಚಿಕ್ಕ ಮೂಲವನ್ನು ಪಡೆಯಲು 10⁸ರಿಂದ √(10¹⁶ − 4) ಅನ್ನು ಕಳೆದು 2ರಿಂದ ಭಾಗಿಸಬೇಕು.

ಆ ವರ್ಗಮೂಲದ ನಿಜವಾದ ಬೆಲೆ 10⁸ಕ್ಕಿಂತ ಸುಮಾರು 2 × 10⁻⁸ರಷ್ಟು ಕಡಿಮೆ. ಆದರೆ ಅಲ್ಲಿ ಲಭ್ಯವಿರುವ ಸಂಖ್ಯೆಗಳು 1.49 × 10⁻⁸ರ ಹೆಜ್ಜೆಗಳಲ್ಲಿ ಮಾತ್ರ ಇರುವುದರಿಂದ ಯಂತ್ರವು ಒಂದು ಹೆಜ್ಜೆ ಕೆಳಗಿನ ಸಂಖ್ಯೆಯನ್ನು ಆರಿಸಿಕೊಳ್ಳುತ್ತದೆ. ಆ ಬೃಹತ್ ಸಂಖ್ಯೆಗೆ ಹೋಲಿಸಿದರೆ ಈ ದೋಷ ನಗಣ್ಯ. ಕಳೆದಾಗ ಸಮನಾದ ಮೊದಲ ಅಂಕಿಗಳೆಲ್ಲ ರದ್ದಾಗಿ, ದೋಷಪೂರಿತವಾದ ಕೊನೆಯ ಅಂಕಿಯೊಂದೇ ಉಳಿಯುತ್ತದೆ. ಉತ್ತರ 7.45 × 10⁻⁹ ಎಂದು ಬರುತ್ತದೆ. ದೋಷ ಶೇಕಡಾ 25ಕ್ಕೂ ಹೆಚ್ಚು.

ವ್ಯವಕಲನವನ್ನೇ ದೂಷಿಸುವುದು ಸಾಮಾನ್ಯ, ಆದರೆ ಅದು ನ್ಯಾಯವಲ್ಲ. ಇಲ್ಲಿ ಕಳೆಯುವ ಕ್ರಿಯೆ ಯಾವುದೇ ದೋಷವಿಲ್ಲದೆ ನಡೆದಿದೆ. ವರ್ಗಮೂಲದ ಹಂತದಲ್ಲಿ ಮೊದಲೇ ಸೇರಿದ್ದ ದೋಷವನ್ನು ಅದು ಬಯಲಿಗೆ ತಂದಿತು, ಅಷ್ಟೆ.

ಸೂತ್ರದ ಪುನರ್ರಚನೆ

ಅಂಶ ಮತ್ತು ಛೇದ ಎರಡನ್ನೂ 10⁸ + √(10¹⁶ − 4) ಎಂಬ ಮೊತ್ತದಿಂದ ಗುಣಿಸಿದರೆ ಅಂಶದಲ್ಲಿನ ವ್ಯವಕಲನ ಮಾಯವಾಗಿ, ಛೇದದಲ್ಲಿ ಸಂಕಲನ ಉಳಿಯುತ್ತದೆ. ಎರಡು ಧನಸಂಖ್ಯೆಗಳನ್ನು ಕೂಡುವಾಗ ಅಂಕಿಗಳು ರದ್ದಾಗುವ ಪ್ರಶ್ನೆಯೇ ಇಲ್ಲ. x² − bx + c = 0 ಎಂಬ ಸಮೀಕರಣಕ್ಕೆ ಎರಡೂ ರೂಪಗಳನ್ನು ಪೈಥಾನ್ ಭಾಷೆಯಲ್ಲಿ ಹೀಗೆ ಹೋಲಿಸಬಹುದು:

```python
import math
b, c = 1e8, 1.0
s = math.sqrt(b*b - 4*c)
print((b - s) / 2)     # 7.450580596923828e-09
print(2*c / (b + s))   # 1e-08
```

b ಋಣವಾಗಿದ್ದರೆ ಪಾತ್ರಗಳು ಅದಲುಬದಲಾಗುತ್ತವೆ. ಆದ್ದರಿಂದ ಕ್ರಮವಿಧಿ ಬರೆಯುವವರು ಮೊದಲು b ಮತ್ತು ವರ್ಗಮೂಲಕ್ಕೆ ಒಂದೇ ಚಿಹ್ನೆ ಇರುವಂತೆ ಆರಿಸಿ, ನಿರಪೇಕ್ಷ ಬೆಲೆಯಲ್ಲಿ ದೊಡ್ಡದಾದ ಮೂಲವನ್ನು ಕಂಡುಹಿಡಿಯುತ್ತಾರೆ. ಮೂಲಗಳ ಗುಣಲಬ್ಧ c ಆಗಿರುವುದರಿಂದ c ಅನ್ನು ಅದರಿಂದ ಭಾಗಿಸಿದರೆ ಇನ್ನೊಂದು ಮೂಲ ದೊರೆಯುತ್ತದೆ.

ಇದೇ ಉಪಾಯ ಬೇರೆಡೆಯೂ ಬಳಕೆಯಲ್ಲಿದೆ. x = 10⁻⁸ ರೇಡಿಯನ್ ಆದಾಗ cos x ಸನ್ನಿಹಿತಗೊಂಡು 1 ಆಗುವುದರಿಂದ 1 − cos x ಸೊನ್ನೆಯಾಗುತ್ತದೆ; 2 sin²(x/2) ಎಂದು ಬರೆದರೆ ಸರಿಯಾದ 5 × 10⁻¹⁷ ಸಿಗುತ್ತದೆ.

ದೋಷವನ್ನು ಗುರುತಿಸುವುದು ಮತ್ತು ಮಿತಿಗಳು

ಯಂತ್ರ ಯಾವ ಎಚ್ಚರಿಕೆಯನ್ನೂ ಕೊಡದ ಕಾರಣ ಉತ್ತರವನ್ನು ಮೂಲ ಸಮೀಕರಣದಲ್ಲಿ ಆದೇಶಿಸಿ ನೋಡುವುದು ಒಳ್ಳೆಯದು. 7.45 × 10⁻⁹ ಅನ್ನು ಆದೇಶಿಸಿದರೆ ಎಡಭಾಗ ಸೊನ್ನೆಯ ಬದಲು ಸುಮಾರು 0.255 ಆಗುತ್ತದೆ. ಅದೇ ಲೆಕ್ಕವನ್ನು ಹೆಚ್ಚು ಅಂಕಿಗಳಿಟ್ಟುಕೊಂಡು ಮತ್ತೊಮ್ಮೆ ಮಾಡಿ ಹೋಲಿಸುವುದೂ ಉಂಟು. ಆದರೆ ಎರಡು ಮೂಲಗಳು ಪರಸ್ಪರ ಬಹುತೇಕ ಸಮವಾಗಿದ್ದಾಗ b² − 4c ಎಂಬ ಶೋಧಕದೊಳಗೇ ರದ್ದತಿ ನಡೆಯುತ್ತದೆ. ಮೇಲಿನ ಪುನರ್ರಚನೆ ಅದನ್ನು ಸರಿಪಡಿಸಲಾರದು; ಶೋಧಕವನ್ನು ಹೆಚ್ಚಿನ ನಿಖರತೆಯಲ್ಲಿ ಲೆಕ್ಕಹಾಕಬೇಕಾಗುತ್ತದೆ. ಸಹಗುಣಕಗಳೇ ಅಳತೆಯಿಂದ ಬಂದ ಅಂದಾಜುಗಳಾಗಿದ್ದರೆ ಅದೂ ನೆರವಾಗದು, ಏಕೆಂದರೆ ಕಳೆದುಹೋದ ಅಂಕಿಗಳು ದತ್ತಾಂಶದಲ್ಲಿಯೇ ಇರಲಿಲ್ಲ.